ಕಾರಿನ ಬಾಡಿ: ಯಾವ ತಗಡಿಗೆ ಬೆಂಕಿ ತೋರಿಸಬಹುದು, ಯಾವುದನ್ನು ಬದಲಿಸಲೇಬೇಕು? ಕರಾವಳಿಯ ಕಾರು ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಟಿಂಕರಿಂಗ್ ಶೆಡ್‌ಗಳಲ್ಲಿ ಅಪಘಾತವಾದ ಕಾರು ತಂದು ನಿಲ್ಲಿಸಿದವರು ಕೇಳುವ ಪ್ರಶ್ನೆಗಳಿವು. ಸ್ಟೀಲ್, ಅಲ್ಯೂಮಿನಿಯಂ, ಕಾರ್ಬನ್ ಫೈಬರ್ ಮೂರರ ವಿಷಯವೂ ಇದೆ. ಹೆಚ್ಚು ಜಾಗ ಸ್ಟೀಲಿಗೇ, ಏಕೆಂದರೆ ನಮ್ಮ ರಸ್ತೆಯ ಕಾರುಗಳ ಬಾಡಿ ಬಹುಪಾಲು ಅದರದ್ದೇ, ರಿಪೇರಿಯಲ್ಲಿ ಹೆಚ್ಚು ಹಾಳಾಗುವುದೂ ಅದೇ.

ಕಾರಿನ ಬಾಡಿ ಎಂದರೆ ಒಂದೇ ಬಗೆಯ ತಗಡಲ್ಲವೇ?

ಅಲ್ಲ. ಒಂದೇ ಕಾರಿನಲ್ಲಿ ನಾಲ್ಕೈದು ಬಗೆಯ ಸ್ಟೀಲ್ ಇರುತ್ತದೆ. ಬಣ್ಣ ಹೊಡೆದ ಮೇಲೆ ಎಲ್ಲವೂ ಒಂದೇ ರೀತಿ ಕಾಣುತ್ತವೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಬಾಗಿಲು, ಫೆಂಡರ್ ಮುಂತಾದ ಹೊರಗಿನ ತಗಡು ಮೆತ್ತಗಿನ ಸ್ಟೀಲ್, ದಪ್ಪ ಸುಮಾರು 0.65ರಿಂದ 0.8 ಮಿಲಿಮೀಟರ್. ಎಳೆದು ಹರಿಯುವಂತೆ ಮಾಡಲು ಇದಕ್ಕೆ ಬೇಕಾಗುವ ಬಲ 270ರಿಂದ 350 ಮೆಗಾಪಾಸ್ಕಲ್ ಆಸುಪಾಸಿನಲ್ಲಿದೆ. ಬಾನೆಟ್ ಕೆಳಗೆ ಎಂಜಿನ್ನಿನ ಎರಡೂ ಬದಿಯಲ್ಲಿ ಉದ್ದಕ್ಕೆ ಹೋಗುವ ಮೆಂಬರ್‌ಗಳು, ನೆಲದ ಅಡ್ಡಪಟ್ಟಿಗಳು ಡಿಪಿ 590, ಡಿಪಿ 780ರಂಥ ಸ್ಟೀಲಿನವು. ಡಿಪಿ ಎಂದರೆ ಡ್ಯುಯಲ್ ಫೇಸ್. ಮೆತ್ತಗಿನ ಕಬ್ಬಿಣದ ಕಣಗಳ ನಡುವೆ ಗಟ್ಟಿ ಕಣಗಳು ಹರಡಿಕೊಂಡಿರುತ್ತವೆ. ಜೊತೆಗಿರುವ ಸಂಖ್ಯೆ ಅದರ ಬಲ, ಮೆಗಾಪಾಸ್ಕಲ್ ಲೆಕ್ಕದಲ್ಲಿ.

ಇನ್ನು ಮುಂದಿನ ಮತ್ತು ಹಿಂದಿನ ಬಾಗಿಲ ನಡುವಿನ ಕಂಬ, ಅಂದರೆ ಬಿ ಪಿಲ್ಲರ್. ಬಹಳಷ್ಟು ಹೊಸ ಕಾರುಗಳಲ್ಲಿ ಇದರೊಳಗೆ ಬಲಕ್ಕಾಗಿ ಇಟ್ಟ ತುಂಡು, ಅಂದರೆ ರೀಇನ್‌ಫೋರ್ಸ್‌ಮೆಂಟ್, ಬೋರಾನ್ ಸ್ಟೀಲಿನದು, ಬಲ ಸುಮಾರು 1500 ಮೆಗಾಪಾಸ್ಕಲ್. ಬಾಗಿಲ ತಗಡಿನ ನಾಲ್ಕೈದು ಪಟ್ಟು. ಈ ಪುಟದ ಅರ್ಧ ಮಾತು ಅದರ ಬಗ್ಗೆಯೇ.

ಬೋರಾನ್ ಸ್ಟೀಲ್ ಅಷ್ಟು ಗಟ್ಟಿಯಾಗುವುದು ಹೇಗೆ?

ಬಿಸಿ ಮಾಡಿ ತಣಿಸುವುದರಿಂದ. ಕಾರ್ಖಾನೆಗೆ ಬರುವಾಗ ಈ ತಗಡಿನ ಬಲ 600 ಮೆಗಾಪಾಸ್ಕಲ್ ಹತ್ತಿರ ಮಾತ್ರ. ಅದನ್ನು ಕುಲುಮೆಯಲ್ಲಿ 900ರಿಂದ 950 ಡಿಗ್ರಿಗೆ ಕಾಯಿಸುತ್ತಾರೆ. ಕೆಂಪಗಿರುವಾಗಲೇ ಪ್ರೆಸ್ಸಿಗೆ ಇಟ್ಟು ಆಕಾರ ಕೊಡುತ್ತಾರೆ. ಪ್ರೆಸ್ಸಿನ ಅಚ್ಚಿನೊಳಗೇ ತಣ್ಣೀರು ಹರಿಯುತ್ತಿರುತ್ತದೆ. ಅಚ್ಚು ಮುಚ್ಚಿಕೊಂಡಿರುವಾಗ ತಗಡಿನ ಬಿಸಿ ಸೆಕೆಂಡಿಗೆ ಸುಮಾರು 30 ಡಿಗ್ರಿ ಅಥವಾ ಇನ್ನೂ ವೇಗವಾಗಿ ಇಳಿಯುತ್ತದೆ, ಒಳರಚನೆ ಮಾರ್ಟೆನ್‌ಸೈಟ್ ಎಂಬ ಗಟ್ಟಿ ರೂಪಕ್ಕೆ ಬದಲಾಗುತ್ತದೆ. ಕಮ್ಮಾರ ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗದ್ದಿ ಹದ ಹಾಕುವುದು ಇದೇ ತತ್ವ. ಬೋರಾನ್ ತೂಕದಲ್ಲಿ ಲಕ್ಷದಲ್ಲಿ ಕೆಲವೇ ಅಂಶದಷ್ಟು ಸಾಕು, ಈ ಬದಲಾವಣೆ ತಪ್ಪದೆ ಆಗುವಂತೆ ನೋಡಿಕೊಳ್ಳುತ್ತದೆ. ಈ ಬಗೆಯ ಭಾಗ ಕಾರಿನಲ್ಲಿ ಮೊದಲು ಬಂದದ್ದು 1984ರಲ್ಲಿ, ಸಾಬ್ 9000 ಕಾರಿನ ಬಾಗಿಲೊಳಗಿನ ಅಡ್ಡಪಟ್ಟಿಯಾಗಿ.

ಶೆಡ್ಡಿನಲ್ಲಿ ನೆನಪಿಡಬೇಕಾದ್ದು ಇಷ್ಟು: ಈ ಬಲ ಬಂದದ್ದು ಹದದಿಂದ. ಇನ್ನೊಮ್ಮೆ ಬಿಸಿ ಮಾಡಿದರೆ ಹದ ಹೋಗುತ್ತದೆ. ಕತ್ತಿಯನ್ನು ಒಲೆಯಲ್ಲಿ ಬಿಟ್ಟರೆ ಬಾಯಿ ಮೆತ್ತಗಾಗುವಂತೆಯೇ.

ಗ್ಯಾಸ್ ಟಾರ್ಚ್ ಹಿಡಿದು ಕೆಂಪಗೆ ಮಾಡಿ ಎಳೆದರೆ ಪಿಲ್ಲರ್ ನೇರವಾಗುತ್ತದೆ ಎನ್ನುತ್ತಾರಲ್ಲ?

ನೇರವೇನೋ ಆಗುತ್ತದೆ. ಆದರೆ ಕೆಂಪಗಾದ ಜಾಗ ಗಾಳಿಯಲ್ಲಿ ನಿಧಾನವಾಗಿ ತಣಿಯುತ್ತದೆ, ಮಾರ್ಟೆನ್‌ಸೈಟ್ ಉಳಿಯುವುದಿಲ್ಲ, ಬಲ ಮತ್ತೆ 500–600 ಮೆಗಾಪಾಸ್ಕಲ್ ಹತ್ತಿರಕ್ಕೆ ಬೀಳುತ್ತದೆ. ಅಂದರೆ ಮೂರರಲ್ಲಿ ಎರಡು ಭಾಗ ಹೋಯಿತು. ಕೆಂಪಗಾಗುವ ತನಕ ಕಾಯಬೇಕೆಂದೂ ಇಲ್ಲ. 400 ಡಿಗ್ರಿ ದಾಟಿದರೆ ಬಲ ಇಳಿಯತೊಡಗುತ್ತದೆ, ಆ ಬಿಸಿಯಲ್ಲಿ ತಗಡು ಕಣ್ಣಿಗೆ ಕೆಂಪಗೆ ಕಾಣುವುದೇ ಇಲ್ಲ.

ಬಣ್ಣ ಹೊಡೆದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಬಾಗಿಲು ಸರಿಯಾಗಿ ಮುಚ್ಚುತ್ತದೆ, ಗಾಡಿ ಓಡುತ್ತದೆ. ಇನ್ನೊಂದು ಸಲ ಅದೇ ಬದಿಗೆ ಹೊಡೆತ ಬಿದ್ದಾಗ ಕಂಬ ಆ ಮೆತ್ತಗಾದ ಜಾಗದಲ್ಲೇ ಮಡಚಿಕೊಂಡು ಒಳಗೆ ನುಗ್ಗುತ್ತದೆ. ಭಾರತದಲ್ಲಿ ಪಕ್ಕದ ಹೊಡೆತದ ಪರೀಕ್ಷೆ ನಡೆಯುವುದು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ. ಅದರಲ್ಲಿ ಪಾಸಾದದ್ದು ಕಾರ್ಖಾನೆಯ ಹದವಿರುವ ಕಂಬ, ಟಾರ್ಚ್ ಕಂಡ ಕಂಬವಲ್ಲ.

ಬಿಸಿ ಮಾಡದೆ ತಣ್ಣಗೇ ಎಳೆದರೆ? ಅದೂ ಆಗದು. ಮೆತ್ತಗಿನ ಸ್ಟೀಲ್ ಹರಿಯುವ ಮೊದಲು ನೂರಕ್ಕೆ 40ರಷ್ಟು ಹಿಗ್ಗುತ್ತದೆ. ಬೋರಾನ್ ಸ್ಟೀಲ್ ಐದಾರರಷ್ಟು ಹಿಗ್ಗಿ ಬಿರುಕು ಬಿಡುತ್ತದೆ. ಅಪಘಾತದಲ್ಲಿ ಒಮ್ಮೆ ಬಾಗಿದಾಗಲೇ ಆ ಹಿಗ್ಗುವ ಶಕ್ತಿಯಲ್ಲಿ ಬಹುಪಾಲು ಖರ್ಚಾಗಿರುತ್ತದೆ. ಬಾಗಿದ ಬೋರಾನ್ ರೀಇನ್‌ಫೋರ್ಸ್‌ಮೆಂಟಿಗೆ ರಿಪೇರಿ ಎಂಬುದಿಲ್ಲ, ಬದಲಿಸುವುದೊಂದೇ ದಾರಿ.

ಹಾಗಾದರೆ ಇಡೀ ಕಾರನ್ನೇ ಬೋರಾನ್ ಸ್ಟೀಲಿನಲ್ಲಿ ಮಾಡಬಹುದಲ್ಲ?

ಮಾಡಿದರೆ ಒಳಗೆ ಕುಳಿತವರಿಗೇ ತೊಂದರೆ. ಮುಂಭಾಗ ಮಡಚಿಕೊಳ್ಳಬೇಕು, ಮಡಚಿಕೊಳ್ಳುತ್ತ ಹೊಡೆತದ ಶಕ್ತಿಯನ್ನು ತಿನ್ನಬೇಕು. ಅದಕ್ಕೆ ಹಿಗ್ಗುವ ಗುಣ ಬೇಕು, ಆದ್ದರಿಂದ ಅಲ್ಲಿ ಡಿಪಿ ಸ್ಟೀಲ್. ಕೂರುವ ಜಾಗ ಮಾತ್ರ ಮಡಚಬಾರದು, ಅಲ್ಲಿ ಬೋರಾನ್. ಕೆಲವು ಕಾರುಗಳ ಬಿ ಪಿಲ್ಲರಿನಲ್ಲೇ ಈ ವಿಂಗಡಣೆ ಇದೆ. ಮೇಲಿನ ಭಾಗವನ್ನು ಪೂರ್ತಿ ಗಟ್ಟಿ ಮಾಡಿ, ಬುಡವನ್ನು ಬೇಕೆಂದೇ ಮೆತ್ತಗೆ ಬಿಟ್ಟಿರುತ್ತಾರೆ. ಹೊಡೆತ ಬಿದ್ದರೆ ಕಂಬ ಸೊಂಟದ ಮಟ್ಟದಲ್ಲಿ ಬಾಗಲಿ, ಎದೆಯ ಮಟ್ಟದಲ್ಲಿ ಅಲ್ಲ ಎಂಬ ಲೆಕ್ಕ.

ಈಗಿನ ಕಾರಿನ ಬಾಗಿಲನ್ನು ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಹಳೆಯ ಕಾರಿನ ತಗಡೇ ಗಟ್ಟಿಯಲ್ಲವೇ ಮಾರಾಯ್ರೆ?

ಇದು ಬಹಳ ಮಂದಿ ಕೇಳುವ ಪ್ರಶ್ನೆ. ಒತ್ತಿದರೆ ಒಳಗೆ ಹೋಗುತ್ತದೆ ಎಂಬುದು ನಿಜ. ಅದರಿಂದ ತೆಗೆಯುವ ತೀರ್ಮಾನ ಮಾತ್ರ ತಪ್ಪು.

ಒತ್ತಿದಾಗ ಬಾಗಿ, ಬಿಟ್ಟಾಗ ಹಿಂದೆ ಬರುವುದು ಒಂದು ಗುಣ. ಒತ್ತಿ ಬಿಟ್ಟ ಮೇಲೂ ಗುಳಿ ಉಳಿಯುವುದು ಬೇರೆಯೇ ಗುಣ. ಮೊದಲನೆಯದಕ್ಕೂ ಸ್ಟೀಲಿನ ಗ್ರೇಡಿಗೂ ಸಂಬಂಧವಿಲ್ಲ. ಅಗ್ಗದ ಸ್ಟೀಲಾಗಲಿ, ಬೋರಾನ್ ಸ್ಟೀಲಾಗಲಿ, ಬಾಗಲು ಒಡ್ಡುವ ತಡೆ ಒಂದೇ, ಸುಮಾರು 210 ಗಿಗಾಪಾಸ್ಕಲ್. ಅಲ್ಲಿ ಲೆಕ್ಕಕ್ಕೆ ಬರುವುದು ದಪ್ಪ, ಅದೂ ದಪ್ಪದ ಘನ. 0.8 ಮಿಲಿಮೀಟರ್ ಇದ್ದ ತಗಡನ್ನು 0.65ಕ್ಕೆ ಇಳಿಸಿದರೆ ಸಪಾಟು ತಗಡಿನ ಬಾಗುವಿಕೆಯ ತಡೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಬಾಗಿಲು ಹೆಬ್ಬೆರಳಿಗೆ ಬಗ್ಗುವುದು ಅದಕ್ಕೇ. ಕಂಪನಿಗಳು ತಗಡಿಗೆ ಉಬ್ಬು ಗೆರೆ ಕೊಟ್ಟು, ಒಳಗೆ ಪ್ಯಾಡ್ ಅಂಟಿಸಿ ಆ ಕೊರತೆಯನ್ನು ಸ್ವಲ್ಪ ತುಂಬುತ್ತವೆ.

ಗುಳಿ ಬೀಳದಿರಲು ಬೇಕಾದದ್ದು ಬಲ. ಹೊರತಗಡಿಗೆ ಬೇಕ್ ಹಾರ್ಡನಿಂಗ್ ಎಂಬ ಸ್ಟೀಲ್ ಬಳಸುತ್ತಾರೆ. ಪ್ರೆಸ್ಸಿನಲ್ಲಿ ಮೆತ್ತಗಿದ್ದು ಸುಲಭವಾಗಿ ಆಕಾರ ತಾಳುತ್ತದೆ. ಬಣ್ಣ ಒಣಗಿಸಲು ಸುಮಾರು 170 ಡಿಗ್ರಿ ಒಲೆಯಲ್ಲಿ 20 ನಿಮಿಷ ಇದ್ದು ಹೊರಬರುವಾಗ ಬಲ 30–40 ಮೆಗಾಪಾಸ್ಕಲ್ ಏರಿರುತ್ತದೆ. ಹೀಗಾಗಿ ತೆಳ್ಳಗಿದ್ದರೂ ಗುಳಿ ಬೇಗ ಬೀಳುವುದಿಲ್ಲ.

ಜೀವ ಉಳಿಸುವ ಕೆಲಸ ಈ ಹೊರತಗಡಿನದಲ್ಲವೇ ಅಲ್ಲ. ಅದು ಒಳಗಿನ ಚೌಕಟ್ಟಿನದು. ಶೋರೂಮಿನಲ್ಲಿ ಬಾಗಿಲು ತಟ್ಟಿ ಸದ್ದು ಕೇಳಿ ಕಾರು ಆರಿಸುವುದರಿಂದ ಏನೂ ತಿಳಿಯದು. 2023ರ ಅಕ್ಟೋಬರಿನಿಂದ ನಡೆಯುತ್ತಿರುವ ಭಾರತ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯ ಅಂಕ ನೋಡಿದರೆ ಉಪಯೋಗವಿದೆ.

ಪಕ್ಕಕ್ಕೆ ಹೊಡೆತ ಬಿದ್ದ ಕಾರನ್ನು ಸರಿಯಾಗಿ ರಿಪೇರಿ ಮಾಡುವುದು ಹೇಗೆ? ಒಂದು ಉದಾಹರಣೆ ಹೇಳಿ.

ಪಡುಬಿದ್ರಿ ಜಂಕ್ಷನ್ನಿನಲ್ಲಿ ಕಾರ್ಕಳ ರಸ್ತೆಗೆ ತಿರುಗುತ್ತಿದ್ದ ನಾಲ್ಕೂವರೆ ವರ್ಷದ ಹ್ಯಾಚ್‌ಬ್ಯಾಕಿಗೆ ಟೆಂಪೊ ಎಡಬದಿಗೆ ಗುದ್ದಿದೆ ಎಂದಿಟ್ಟುಕೊಳ್ಳಿ. ಎಡಗಡೆಯ ಎರಡೂ ಬಾಗಿಲು ಒಳಗೆ ಹೋಗಿವೆ. ಕೆಳಗಿನ ರನ್ನಿಂಗ್ ಬೋರ್ಡ್ ತಗ್ಗಿದೆ. ಬಿ ಪಿಲ್ಲರ್ ಮಾತ್ರ ಮೇಲ್ನೋಟಕ್ಕೆ ಸರಿಯಿದೆ, ಹೊರತಗಡಿನಲ್ಲಿ ಸಣ್ಣದೊಂದು ಮಡಿಕೆ ಅಷ್ಟೆ.

ಮೊದಲ ಕೆಲಸ ಅಳತೆ. ಬಾಗಿಲು ಬಿಚ್ಚಿ, ಮುಂದಿನ ಬಾಗಿಲಿನ ಜಾಗದ ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ತೆಗೆಯಬೇಕು. ಮೇಲಿನ ಹಿಂಜಿನ ಬೋಲ್ಟಿನಿಂದ ಬಿ ಪಿಲ್ಲರಿನ ಬುಡಕ್ಕೆ, ಕೆಳಗಿನ ಹಿಂಜಿನಿಂದ ಕಂಬದ ಮೇಲೆ ಬಾಗಿಲಿನ ಲಾಕು ಕಚ್ಚಿಕೊಳ್ಳುವ ಸ್ಟ್ರೈಕರಿಗೆ. ಅದನ್ನು ಬಲಬದಿಯ ಅದೇ ಅಳತೆಗೆ ಹೋಲಿಸಬೇಕು. ಚೌಕಟ್ಟಿನಲ್ಲಿ ಸಾಮಾನ್ಯವಾಗಿ ಒಪ್ಪುವ ವ್ಯತ್ಯಾಸ ಹೆಚ್ಚೆಂದರೆ 3 ಮಿಲಿಮೀಟರ್. ನಮ್ಮ ಉದಾಹರಣೆಯಲ್ಲಿ ಸ್ಟ್ರೈಕರಿನ ಅಳತೆ 7 ಮಿಲಿಮೀಟರ್ ಕಡಿಮೆ ಬಂತು. ಅಂದರೆ ಕಂಬ ಒಳಗೆ ಬಂದಿದೆ, ಹೊರತಗಡಿನ ಮಡಿಕೆಯ ಹಿಂದೆ ಬೋರಾನ್ ರೀಇನ್‌ಫೋರ್ಸ್‌ಮೆಂಟೂ ಬಾಗಿದೆ. ಹೆಚ್ಚಿನ ಶೆಡ್‌ಗಳು ಎಡವುವುದು ಈ ಹಂತದಲ್ಲೇ. ಮಡಿಕೆಯನ್ನು ಎಳೆದು, ಪುಟ್ಟಿ ತುಂಬಿ, ಸ್ಟ್ರೈಕರನ್ನು ಅಡ್ಜಸ್ಟ್ ಮಾಡಿ ಬಾಗಿಲು ಕೂರಿಸಿಬಿಡುತ್ತಾರೆ.

ಮುಂದಿನದು ಬ್ಯಾಟರಿ ಬಿಚ್ಚಿ, ಮ್ಯಾನ್ಯುವಲ್ಲಿನಲ್ಲಿ ಹೇಳಿದಷ್ಟು ನಿಮಿಷ ಕಾಯುವುದು. ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ಉಳಿದ ವಿದ್ಯುತ್ ಇಳಿಯಬೇಕು. ಕಂಬದ ಬುಡದಲ್ಲಿ ಅಪಘಾತದಲ್ಲಿ ಸೀಟ್ ಬೆಲ್ಟನ್ನು ಬಿಗಿಯುವ ಪ್ರೀಟೆನ್ಷನರ್, ಹಲವು ಕಾರುಗಳಲ್ಲಿ ಹೊಡೆತ ಗ್ರಹಿಸುವ ಸೆನ್ಸರ್, ಛಾವಣಿಯ ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗ್ ಇರುತ್ತವೆ. ಇವೆಲ್ಲ ಹೊರಬಂದ ಮೇಲೆಯೇ ಬೆಂಕಿಯ ಮಾತು.

ಆಮೇಲೆ ಗಾಡಿಯನ್ನು ಬಾಡಿ ಎಳೆಯುವ ಬೆಂಚಿಗೆ ಕಟ್ಟಿ, ಹಾಳಾದ ಕಂಬ ಜಾಗದಲ್ಲಿ ಇರುವಾಗಲೇ ಎಳೆಯಬೇಕು. ಎಸೆಯುವ ಕಂಬವನ್ನು ಯಾಕೆ ಎಳೆಯುವುದು ಎಂದು ಕೇಳಬಹುದು. ಕಂಬದ ಜೊತೆ ಸರಿದಿರುವ ನೆಲ ಮತ್ತು ಛಾವಣಿಯ ಅಂಚನ್ನು ಜಾಗಕ್ಕೆ ತರಲು ಹಿಡಿಕೆಯಾಗಿ ಸಿಗುವುದು ಅದೇ. ಮೊದಲೇ ಕತ್ತರಿಸಿದರೆ ನೆಲ ಸೊಟ್ಟಗೇ ಉಳಿಯುತ್ತದೆ, ಹೊಸ ಕಂಬ ಕೂರುವುದಿಲ್ಲ.

ನೆಲ ಜಾಗಕ್ಕೆ ಬಂದ ಮೇಲೆ ಕತ್ತರಿಸುವುದು. ಹೊರತಗಡನ್ನು ಎಲ್ಲಿ ಕತ್ತರಿಸಿ ಜೋಡಿಸಬಹುದು ಎಂದು ಕಂಪನಿಯ ಬಾಡಿ ರಿಪೇರಿ ಮ್ಯಾನ್ಯುವಲ್ಲಿನಲ್ಲಿ ಗೆರೆ ಹಾಕಿ ತೋರಿಸಿರುತ್ತಾರೆ. ಬೋರಾನ್ ಭಾಗವನ್ನು ನಡುವೆ ತುಂಡರಿಸಿ ಬೆಸೆಯುವುದಕ್ಕೆ ಸಾಮಾನ್ಯವಾಗಿ ಒಪ್ಪಿಗೆ ಇರುವುದಿಲ್ಲ, ಇಡೀ ತುಂಡನ್ನೇ ಕಾರ್ಖಾನೆಯ ಜೋಡಣೆಯ ಜಾಗದಿಂದ ಬಿಡಿಸಬೇಕು. ಅದಕ್ಕೆ ತಗಡುಗಳನ್ನು ಚುಕ್ಕೆ ಚುಕ್ಕೆಯಾಗಿ ಬೆಸೆದ ಹಳೆಯ ಸ್ಪಾಟ್ ವೆಲ್ಡುಗಳನ್ನು ಒಂದೊಂದಾಗಿ ಕೊರೆಯಬೇಕು. ಸಾಮಾನ್ಯ ಎಚ್‌ಎಸ್‌ಎಸ್ ಡ್ರಿಲ್ ಬಿಟ್ ಎರಡು ಮೂರು ತೂತಿಗೆ ಮೊಂಡಾಗುತ್ತದೆ. 8 ಮಿಲಿಮೀಟರಿನ ಕಾರ್ಬೈಡ್ ಡ್ರಿಲ್ ಬಿಟ್, ನಿಧಾನ ವೇಗ, ಒತ್ತಡ ಜಾಸ್ತಿ ಬೇಕು. ಡ್ರಿಲ್ ಬಿಟ್ ಕಚ್ಚದೆ ಜಾರುತ್ತ ಕಿರುಗುಟ್ಟಿದರೆ ನಿಮ್ಮ ಎದುರಿಗಿರುವುದು ಬೋರಾನ್ ಎಂದು ಹೆಚ್ಚುಕಡಿಮೆ ಖಚಿತ.

ಹೊಸ ತುಂಡನ್ನು ಕ್ಲಾಂಪಿನಲ್ಲಿ ಹಿಡಿದು, ಬಾಗಿಲು ತಾತ್ಕಾಲಿಕವಾಗಿ ತೂಗಿಹಾಕಿ, ಸಂದು ಸಮ ಇದೆಯೇ ನೋಡಿ, ಅಳತೆ ಮತ್ತೆ ತೆಗೆದು, ಆಮೇಲಷ್ಟೇ ವೆಲ್ಡಿಂಗ್.

ವೆಲ್ಡಿಂಗ್ ಸರಿಯಾಗಿದೆಯೇ ಎಂದು ಹೇಗೆ ತಿಳಿಯುವುದು?

ಕಾರಿನ ಮೇಲೆ ವೆಲ್ಡಿಂಗ್ ಶುರು ಮಾಡುವ ಮೊದಲು ಅದೇ ದಪ್ಪದ, ಅದೇ ಗ್ರೇಡಿನ ಚೂರುಗಳನ್ನು ಜೋಡಿಸಿ ಒಂದು ಸ್ಪಾಟ್ ಹಾಕಿ ಸುಲಿದು ನೋಡಬೇಕು. ಹಳೆಯ ಕಂಬದ ಚೂರೇ ಇದಕ್ಕೆ ಸಾಕು. ವೆಲ್ಡ್ ಒಳ್ಳೆಯದಿದ್ದರೆ ಒಂದು ತಗಡಿನಲ್ಲಿ ತೂತು ಬಿದ್ದು ಇನ್ನೊಂದರ ಮೇಲೆ ಅಂಗಿಯ ಗುಂಡಿಯಂತೆ ಲೋಹ ಉಳಿಯುತ್ತದೆ. 1.4 ಮಿಲಿಮೀಟರ್ ತಗಡಿಗೆ ಆ ಗುಂಡಿ ಐದು ಮಿಲಿಮೀಟರಿಗೆ ಕಡಿಮೆ ಇರದಿದ್ದರೆ ಒಳ್ಳೆಯದು. ಗುಂಡಿಯೇ ಇಲ್ಲದೆ ಎರಡೂ ತಗಡು ಸಲೀಸಾಗಿ ಬೇರೆಯಾದರೆ ಅದು ಬರೇ ಅಂಟಿಕೊಂಡಿತ್ತು ಎಂದರ್ಥ.

ನಮ್ಮ ಕಡೆ ಇಂಥ ಕಳ್ಳ ವೆಲ್ಡಿಗೆ ಒಂದು ಸಾಮಾನ್ಯ ಕಾರಣ ವೋಲ್ಟೇಜ್. ಗಟ್ಟಿ ಸ್ಟೀಲಿಗೆ ಸ್ಪಾಟ್ ವೆಲ್ಡರ್ ಎಂಟು ಹತ್ತು ಸಾವಿರ ಆಂಪಿಯರ್ ಹರಿಸಬೇಕು, ಒತ್ತುವ ಬಲವೂ ಹೆಚ್ಚು ಬೇಕು. ಆಟಿಯ ಮಳೆಯಲ್ಲಿ ವೋಲ್ಟೇಜ್ ಇಳಿದಿರುವಾಗ, ಅಥವಾ ಸಿಂಗಲ್ ಫೇಸ್ ಲೈನಿನಲ್ಲಿ, ಯಂತ್ರ ಸದ್ದು ಮಾಡುತ್ತದೆ, ಮೇಲೆ ಗುರುತೂ ಬೀಳುತ್ತದೆ, ಒಳಗೆ ಕರಗಿರುವುದಿಲ್ಲ. ಪರೀಕ್ಷೆಯ ಚೂರನ್ನು ಕೆಲಸದ ದಿನವೇ, ಅದೇ ಲೈನಿನಲ್ಲಿ ಸುಲಿದು ನೋಡಬೇಕು ಎನ್ನುವುದು ಇದಕ್ಕೇ. ಸ್ಪಾಟ್ ಗನ್ನು ತಲುಪದ ಕಡೆ ಮ್ಯಾನ್ಯುವಲ್ ಒಪ್ಪಿದರೆ ತೂತು ಮಾಡಿ ಮಿಗ್ ವೆಲ್ಡಿಂಗ್‌ನಿಂದ ತುಂಬಬಹುದು. ಆಗಲೂ ಒಂದೇ ಕಡೆ ಸಾಲಾಗಿ ಹಾಕುತ್ತ ಹೋಗಬಾರದು. ಜಾಗ ಬಿಟ್ಟು ಜಾಗ ಹಾಕಿ, ಬಿಸಿ ಹರಡದಂತೆ ನೋಡಿಕೊಳ್ಳಬೇಕು.

ಗ್ರಾಹಕರಾದ ನೀವು ಮಾಡಬಹುದಾದ್ದು: ಬಣ್ಣ ಹೊಡೆಯುವ ಮೊದಲು ಒಮ್ಮೆ ಹೋಗಿ ನೋಡಿ. ಕಂಬದ ಅಂಚಿನಲ್ಲಿ ಎರಡಿಂಚು ಉದ್ದದ ನೀಲಿ-ಕಂದು ಬಣ್ಣದ ಸುಟ್ಟ ಗುರುತು ಕಂಡರೆ ಕೇಳಿ. ಸುಲಿದ ಚೂರು ತೋರಿಸಿ ಎಂದರೆ ಗೊತ್ತಿರುವವರು ಬೇಸರ ಮಾಡಿಕೊಳ್ಳುವುದಿಲ್ಲ.

ರಿಪೇರಿ ಮಾಡಿದ ಜಾಗವೇ ಮೊದಲು ತುಕ್ಕು ಹಿಡಿಯುವುದೇಕೆ?

ಕಾರ್ಖಾನೆಯಲ್ಲಿ ಇಡೀ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಒಳಗೂ ಹೊರಗೂ ಸುಮಾರು 20 ಮೈಕ್ರಾನಿನ ಪದರ ಕೂರಿಸುತ್ತಾರೆ. ಅದರ ಕೆಳಗೆ ಹಲವು ತಗಡುಗಳಿಗೆ ಸತುವಿನ ಲೇಪವೂ ಇರುತ್ತದೆ. ಗೀರು ಬಿದ್ದರೂ ಸತು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ವೆಲ್ಡಿಂಗ್ ಮಾಡಿದಾಗ ಈ ಎರಡೂ ಹೋಗುತ್ತವೆ. ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ, ಕಬ್ಬಿಣ ಕರಗಲು 1500 ಹತ್ತಿರ ಬೇಕು. ಹೊರಗಡೆ ಪ್ರೈಮರ್ ಹೊಡೆಯುತ್ತೀರಿ, ಸರಿ. ಪೆಟ್ಟಿಗೆಯಂತಿರುವ ಕಂಬದ ಒಳಗೆ, ರನ್ನಿಂಗ್ ಬೋರ್ಡಿನ ಒಳಗೆ ಬರಿ ಕಬ್ಬಿಣ ಉಳಿಯುತ್ತದೆ.

ಬೋರಾನ್ ಭಾಗಗಳಿಗೆ ಇನ್ನೊಂದು ತೊಡಕಿದೆ. ಅವುಗಳಲ್ಲಿ ಬಹಳಷ್ಟಕ್ಕೆ ಇರುವುದು ಸತುವಲ್ಲ, ಅಲ್ಯೂಮಿನಿಯಂ-ಸಿಲಿಕಾನ್ ಲೇಪ. ಕುಲುಮೆಯಲ್ಲಿ ತಗಡು ಸಿಪ್ಪೆ ಕಟ್ಟದಿರಲಿ ಎಂದು ಹಾಕಿದ್ದು. ಅದು ಅಡ್ಡಗೋಡೆಯಂತೆ ನಿಲ್ಲುತ್ತದೆ ಅಷ್ಟೆ, ಸತುವಿನ ಹಾಗೆ ತಾನು ಸವೆದು ಪಕ್ಕದ ಗೀರನ್ನು ಕಾಯುವುದಿಲ್ಲ.

ಈಗ ಪಣಂಬೂರು, ಸುರತ್ಕಲ್, ಮಲ್ಪೆ, ಮರವಂತೆಯ ಉಪ್ಪುಗಾಳಿ ಸೇರಿಸಿ. ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು ಸೇರಿಸಿ. ಅದರ ಹಿಂದೆ ಹೋದ ಕಾರಿನ ಅಡಿ ನೇರವಾಗಿ ಉಪ್ಪಿನಲ್ಲಿ ಮಿಂದಂತೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಒದ್ದೆಯಾಗಿಯೇ ಇರುತ್ತದೆ, ಮಳೆಯಿಲ್ಲದ ದಿನಗಳಲ್ಲೂ ಕೆಲಸ ಮುಂದುವರಿಸುತ್ತದೆ.

ಆದ್ದರಿಂದ ಸರಿಯಾದ ಕ್ರಮ ಹೀಗೆ. ಜೋಡಿಸುವ ಅಂಚುಗಳಿಗೆ ವೆಲ್ಡಿಂಗ್ ಮೊದಲೇ ಸತುವಿನ ಪ್ರೈಮರ್. ವೆಲ್ಡಿಂಗ್ ಆದ ಮೇಲೆ ಸುಟ್ಟ ಜಾಗ ಕ್ಲೀನ್ ಮಾಡಿ ಎಪಾಕ್ಸಿ ಪ್ರೈಮರ್, ಸಂದುಗಳಿಗೆ ಸೀಲರ್. ಬಣ್ಣದ ಕೆಲಸ ಪೂರ್ತಿ ಮುಗಿದ ಮೇಲೆ, ಉದ್ದ ನಳಿಗೆಯಿಂದ ಪೆಟ್ಟಿಗೆಯ ಒಳಗೆಲ್ಲ ಕ್ಯಾವಿಟಿ ವ್ಯಾಕ್ಸ್. ವ್ಯಾಕ್ಸ್ ಕೆಳಗಿನ ನೀರಿಳಿಯುವ ತೂತುಗಳಿಂದ ತೊಟ್ಟಿಕ್ಕಬೇಕು, ಹಾಗಾದರೆ ಮೂಲೆಗೂ ತಲುಪಿದೆ ಎಂದು ಲೆಕ್ಕ. ತೊಟ್ಟಿಕ್ಕಿ ಮುಗಿದ ಮೇಲೆ ಆ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿಡಿ. ವ್ಯಾಕ್ಸ್ ಬಿಲ್ಲಿನಲ್ಲಿ ದೊಡ್ಡ ಮೊತ್ತವಲ್ಲ. ಕಣ್ಣಿಗೆ ಕಾಣದ ಕಾರಣ ಮೊದಲು ಬಿಟ್ಟುಹೋಗುವುದೂ ಅದೇ.

ಅಡಿಗೆ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಹಾಕಿಸಿದ್ದೇವೆ, ಸಾಕಲ್ಲ?

ಹೊಸ ಗಾಡಿಗೆ, ಒಣಗಿದ ಕ್ಲೀನ್ ಮೇಲ್ಮೈಗೆ ಹಾಕಿದ್ದರೆ ಅಡ್ಡಿಯಿಲ್ಲ. ತುಕ್ಕು ಶುರುವಾದ ಮೇಲೆ ಹಾಕಿದ್ದರೆ ಹಾಳು. ಕೋಟಿಂಗ್ ಬಿರುಕು ಬಿಟ್ಟ ಕಡೆ ಉಪ್ಪುನೀರು ಒಳಗಿಳಿದು ಕೂರುತ್ತದೆ, ಹೊರಗಿನಿಂದ ಕಪ್ಪಗೆ ಚೆನ್ನಾಗಿಯೇ ಕಾಣುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಡಿಗೆ ಸಿಹಿನೀರು ಹೊಡೆಯುವುದು ಅದಕ್ಕಿಂತ ಮೇಲು. ಬಾವಿ ನೀರು ಉಪ್ಪಾಗಿರುವ ಕಡಲ ಬದಿಯ ಮನೆಯವರು ಅದನ್ನೇ ಬಳಸಬೇಡಿ.

ಬಾನೆಟ್ ಅಲ್ಯೂಮಿನಿಯಂ ಅಂತೆ. ಯಾಕೆ ಹಾಕುತ್ತಾರೆ? ರಿಪೇರಿ ಬೇರೆಯೇ?

ಅಯಸ್ಕಾಂತ ಹಿಡಿದು ನೋಡಿ. ಬಾಗಿಲಿಗೆ ಹಿಡಿದು ಬಾನೆಟ್ಟಿಗೆ ಹಿಡಿಯದಿದ್ದರೆ ಅಲ್ಯೂಮಿನಿಯಂ, ಅಥವಾ ಪ್ಲಾಸ್ಟಿಕ್.

ಹಾಕುವುದು ತೂಕಕ್ಕಾಗಿ. ಒಂದೂವರೆ ಚದರ ಮೀಟರಿನ, 0.7 ಮಿಲಿಮೀಟರಿನ ಸ್ಟೀಲ್ ತಗಡು 8.2 ಕೆಜಿ ತೂಗುತ್ತದೆ. ಅಲ್ಯೂಮಿನಿಯಂ ಬಾಗಲು ಒಡ್ಡುವ ತಡೆ ಸ್ಟೀಲಿನ ಮೂರರಲ್ಲಿ ಒಂದು ಭಾಗವಾದ್ದರಿಂದ ಅಷ್ಟೇ ಬಿಗುವಿಗೆ ದಪ್ಪ 1 ಮಿಲಿಮೀಟರ್ ಬೇಕು. ಆದರೂ ತೂಕ 4 ಕೆಜಿ ಚಿಲ್ಲರೆ. ಅರ್ಧ ಉಳಿಯಿತು. ಇಡೀ ಬಾಡಿಯನ್ನೇ ಹೀಗೆ ಮಾಡಿದವರೂ ಇದ್ದಾರೆ: ಹೋಂಡಾ ಎನ್‌ಎಸ್‌ಎಕ್ಸ್ 1990ರಲ್ಲಿ, ಆಡಿ ಎ8 1994ರಲ್ಲಿ. ಕಚ್ಚಾ ಲೋಹದ ಬೆಲೆಯಿಂದಾಗಿ ನಮ್ಮ ಸಾಮಾನ್ಯ ಕಾರಿನಲ್ಲಿ ಬಂದರೂ ಅದು ಒಂದೆರಡು ಭಾಗಕ್ಕೆ ಸೀಮಿತ.

ರಿಪೇರಿ ನಿಜವಾಗಿ ಬೇರೆ. ಅಲ್ಯೂಮಿನಿಯಂ ಕೆಂಪಗಾಗದೆ 660 ಡಿಗ್ರಿಗೆ ಒಮ್ಮೆಲೇ ಕರಗಿ ಬೀಳುತ್ತದೆ. ಟಾರ್ಚ್ ಹಿಡಿದು ಬಣ್ಣ ನೋಡಿ ಅಂದಾಜು ಮಾಡುವ ಕೈಗೆ ಇದು ಮೋಸ ಮಾಡುತ್ತದೆ. ಗುಳಿ ಎತ್ತಲು ಸ್ವಲ್ಪ ಬಿಸಿ ಬೇಕೇ ಬೇಕು, ತಣ್ಣಗೆ ಹೊಡೆದರೆ ಬಿರುಕು ಬಿಡುತ್ತದೆ. ಆದ್ದರಿಂದ ಹೀಟ್ ಗನ್, ಜೊತೆಗೆ ಬಿಸಿ ತೋರಿಸುವ ಬಣ್ಣ ಬದಲಾಗುವ ಪಟ್ಟಿ. ಇನ್‌ಫ್ರಾರೆಡ್ ಗನ್ನಿನಿಂದ ನೋಡುವವರಿಗೆ ಎಚ್ಚರಿಕೆ: ಬಣ್ಣ ತೆಗೆದ ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ನಿಜವಾದ ಬಿಸಿಗಿಂತ ಬಹಳ ಕಡಿಮೆ ತೋರಿಸುತ್ತದೆ. ಮಾರ್ಕರಿನಿಂದ ಒಂದು ಕಪ್ಪು ಚುಕ್ಕೆ ಹಾಕಿ ಅದರ ಮೇಲೆ ಹಿಡಿಯಿರಿ.

ಇನ್ನು ಸಲಕರಣೆ. ಕಬ್ಬಿಣಕ್ಕೆ ಬಳಸಿದ ಗ್ರೈಂಡಿಂಗ್ ಡಿಸ್ಕು, ಬ್ರಷ್ಷು, ಸುತ್ತಿಗೆಯನ್ನೇ ಅಲ್ಯೂಮಿನಿಯಂಗೂ ಬಳಸಿದರೆ ಕಬ್ಬಿಣದ ಕಣಗಳು ಅದರಲ್ಲಿ ಹೂತುಕೊಳ್ಳುತ್ತವೆ. ಎರಡು ಲೋಹ, ನಡುವೆ ಉಪ್ಪುನೀರು ಇದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಒಂದೆರಡು ಮಳೆಗಾಲದಲ್ಲಿ ಬಣ್ಣದ ಕೆಳಗೆ ಹುಳ ಹರಿದಂಥ ಗೆರೆ, ಅಂಚಿನಲ್ಲಿ ಬಿಳಿ ಪುಡಿ ಏಳುತ್ತದೆ. ಆ ಪುಡಿ ಕಂಡರೆ ಮೇಲೆ ಬಣ್ಣ ತೇಪೆ ಹಾಕಿ ಪ್ರಯೋಜನವಿಲ್ಲ, ಬರಿ ಲೋಹದವರೆಗೆ ತೆಗೆಯಬೇಕು. ಎರಡೂ ಲೋಹದ ಧೂಳನ್ನು ಒಂದೇ ಕಡೆ ಗುಡಿಸಿಡುವುದು ಬೆಂಕಿಗೂ ದಾರಿ. ಅಲ್ಯೂಮಿನಿಯಂ ಪುಡಿಯೂ ತುಕ್ಕಿನ ಪುಡಿಯೂ ಸೇರಿ ಕಿಡಿ ತಗುಲಿದರೆ ಭಯಂಕರವಾಗಿ ಉರಿಯುತ್ತದೆ.

ಸಣ್ಣ ಗುಳಿ ಬಿಟ್ಟರೆ, ಅಂಚು ಮಡಚಿದ ಅಲ್ಯೂಮಿನಿಯಂ ಬಾನೆಟ್ಟನ್ನು ಬದಲಿಸುವುದೇ ಲಾಭ.

ಕಾರ್ಬನ್ ಫೈಬರ್ ಇಷ್ಟು ಒಳ್ಳೆಯದಾದರೆ ಎಲ್ಲ ಕಾರಿಗೂ ಯಾಕಿಲ್ಲ?

ಸಮಯ ಮತ್ತು ದುಡ್ಡು. ಸ್ಟೀಲಿನ ಬಾಗಿಲು ಪ್ರೆಸ್ಸಿನಲ್ಲಿ ಕೆಲವು ಸೆಕೆಂಡಿಗೆ ಒಂದು ಬೀಳುತ್ತದೆ. ಕಾರ್ಬನ್ ಬಟ್ಟೆಯನ್ನು ಅಚ್ಚಿನಲ್ಲಿಟ್ಟು ರಾಳ ತುಂಬಿ ಗಟ್ಟಿಯಾಗಲು ನಿಮಿಷಗಳು ಬೇಕು. ರೇಸಿನಲ್ಲಿ ಮೆಕ್‌ಲಾರೆನ್ 1981ರಲ್ಲಿ ಕಾರ್ಬನ್ ಫೈಬರ್ ಮೊನೊಕಾಕ್, ಅಂದರೆ ಚಾಲಕ ಕೂರುವ ಒಂದೇ ತುಂಡಿನಂಥ ಚೌಕಟ್ಟು, ತಂದಿತು. ದೊಡ್ಡ ಸಂಖ್ಯೆಯಲ್ಲಿ ಮಾಡಲು ಹೊರಟ ಬಿಎಂಡಬ್ಲ್ಯು ಐ3 2013ರಲ್ಲಿ ಬಂದು 2022ರಲ್ಲಿ ನಿಂತಿತು. ಅದರಲ್ಲೂ ಕೂರುವ ಭಾಗ ಮಾತ್ರ ಕಾರ್ಬನ್, ಕೆಳಗಿನ ಚೌಕಟ್ಟು ಅಲ್ಯೂಮಿನಿಯಂ.

ಗುಣದಲ್ಲೂ ಒಂದು ಮಿತಿಯಿದೆ. ಎಳೆಗಳು ಓಡುವ ದಿಕ್ಕಿನಲ್ಲಿ ಮಾತ್ರ ಅದರ ಬಲ. ಹೊಡೆತ ಬಿದ್ದರೆ ಗುಳಿ ಬೀಳುವುದಿಲ್ಲ, ಒಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ, ಮೇಲೆ ಏನೂ ಕಾಣುವುದಿಲ್ಲ. ನಾಣ್ಯದಿಂದ ತಟ್ಟುತ್ತ ಹೋದರೆ ಒಳ್ಳೆಯ ಜಾಗ ಟಣ್ ಎನ್ನುತ್ತದೆ, ಬಿಟ್ಟುಕೊಂಡ ಜಾಗ ಮಂದ ಸದ್ದು ಕೊಡುತ್ತದೆ. ಖಚಿತಕ್ಕೆ ಅಲ್ಟ್ರಾಸೌಂಡ್ ಬೇಕು.

ನಾನು ಕಾರ್ಬನ್ ಫೈಬರ್ ಸ್ಪಾಯ್ಲರ್ ಹಾಕಿಸಬೇಕೆಂದಿದ್ದೇನೆ. ಇಲ್ಲಿನ ಹವೆಗೆ ಆಗಬಹುದೇ?

ಮೊದಲು ಅದು ಸ್ಟಿಕ್ಕರ್ ಸುತ್ತಿದ ಪ್ಲಾಸ್ಟಿಕ್ ಅಲ್ಲವೆಂದು ಖಚಿತ ಮಾಡಿಕೊಳ್ಳಿ, ಅಂಗಡಿಯಲ್ಲಿ ಹೆಚ್ಚಿನವು ಅವೇ. ನಿಜವಾದ ಕಾರ್ಬನ್ ಆದರೆ ಗಮನ ಬೋಲ್ಟಿನ ಕಡೆ ಇರಲಿ. ಕಾರ್ಬನ್ ತಾನು ತುಕ್ಕು ಹಿಡಿಯುವುದಿಲ್ಲ, ಆದರೆ ವಿದ್ಯುತ್ ಹರಿಯಗೊಡುತ್ತದೆ. ಅದಕ್ಕೆ ತಗುಲಿದ ಅಲ್ಯೂಮಿನಿಯಂ, ಸಾದಾ ಸ್ಟೀಲ್ ಉಪ್ಪುಗಾಳಿಯಲ್ಲಿ ಬೇಗ ಸವೆಯುತ್ತವೆ. ಸ್ಟೇನ್‌ಲೆಸ್ ಬೋಲ್ಟ್ ಹಾಕಿ, ತೂತಿಗೆ ನೈಲಾನ್ ಬುಷ್, ಡಿಕ್ಕಿಯ ತಗಡಿಗೂ ಸ್ಪಾಯ್ಲರಿಗೂ ನಡುವೆ ರಬ್ಬರ್ ಹಾಳೆ ಇಡಿ. ತಗಡಿಗೆ ಕೊರೆದ ತೂತಿನ ಅಂಚಿಗೆ ಪ್ರೈಮರ್ ಹಚ್ಚದೆ ಬಿಡಬೇಡಿ. ಬಿಸಿಲಿಗೆ ರಾಳ ಹಳದಿಯಾಗುತ್ತದೆ, ಯುವಿ ತಡೆಯುವ ಕ್ಲಿಯರ್ ಕೋಟ್ ಬೇಕು.

ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಕಂಬದ ರಿಪೇರಿ ಹಿಡಿಯುವುದು ಹೇಗೆ?

ಬಾಗಿಲು ತೆರೆದು ರಬ್ಬರ್ ಬೀಡಿಂಗನ್ನು ಕೈಯಲ್ಲಿ ಎಳೆಯಿರಿ, ಅದು ಸುಲಭವಾಗಿ ಬಿಟ್ಟುಬರುತ್ತದೆ. ಒಳಗಿನ ಅಂಚಿನಲ್ಲಿ ಕಾರ್ಖಾನೆಯ ಸ್ಪಾಟ್ ವೆಲ್ಡುಗಳು ಒಂದೇ ಅಂತರದಲ್ಲಿ, ತಗ್ಗಿದ ವೃತ್ತಗಳಾಗಿ ಕಾಣಬೇಕು. ಅವು ಉಬ್ಬಿದ್ದರೆ, ಉಜ್ಜಿ ನಯ ಮಾಡಿದ್ದರೆ, ಅಥವಾ ಅಂಚು ಪೂರ್ತಿ ಸಪಾಟಾಗಿದ್ದರೆ ಅಲ್ಲಿ ಕೆಲಸವಾಗಿದೆ. ಎರಡೂ ಬದಿ ಹೋಲಿಸಿ. ಬಣ್ಣದ ದಪ್ಪ ಅಳೆಯುವ ಗೇಜ್ ಇದ್ದರೆ ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ತೋರಿಸುತ್ತದೆ. 400, 500 ದಾಟಿದರೆ ಪುಟ್ಟಿ.

ಕೆಲಸವಾಗಿದೆ ಎಂದಾಕ್ಷಣ ಕಾರು ಬಿಡಬೇಕೆಂದಿಲ್ಲ. ಭಾಗ ಬದಲಿಸಿದ ಬಿಲ್ಲು ಕೇಳಿ. ಬಿ ಪಿಲ್ಲರ್ ರೀಇನ್‌ಫೋರ್ಸ್‌ಮೆಂಟ್ ಎಂಬ ಸಾಲು ಅದರಲ್ಲಿದ್ದರೆ ನೆಮ್ಮದಿ. ಬರೇ "ಟಿಂಕರಿಂಗ್ ಮತ್ತು ಪೇಂಟಿಂಗ್" ಎಂದು ಒಟ್ಟು ಮೊತ್ತ ಬರೆದಿದ್ದು, ಅಂಚಿನಲ್ಲಿ ಉಜ್ಜಿದ ಗುರುತೂ ಇದ್ದರೆ ಆ ಕಾರು ಬೇಡ.

ಬದಲಿಸಿದರೆ ಇನ್ಶೂರೆನ್ಸ್ ಪೂರ್ತಿ ಕೊಡುವುದಿಲ್ಲವಂತೆ?

ಸಾದಾ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಪ್ರಕಾರ ಸವಕಳಿ ಕಳೆಯುತ್ತಾರೆ. ನಾಲ್ಕರಿಂದ ಐದು ವರ್ಷದೊಳಗಿನ ಗಾಡಿಗೆ ಅದು ನೂರಕ್ಕೆ 35. ಮೇಲಿನ ಉದಾಹರಣೆಯಲ್ಲಿ ರೀಇನ್‌ಫೋರ್ಸ್‌ಮೆಂಟಿನ ಬೆಲೆ 10,000 ರೂಪಾಯಿ ಎಂದಿಟ್ಟುಕೊಂಡರೆ 3,500 ನಿಮ್ಮ ಕೈಯಿಂದ. ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ವಯಸ್ಸು ನೋಡದೆ 50. ಝೀರೋ ಡೆಪ್ ಸೇರಿಸಿಕೊಂಡಿದ್ದರೆ ಈ ಕಡಿತವಿಲ್ಲ. ಕೆಲಸಗಾರರ ಕೂಲಿಗೆ ಸವಕಳಿ ಇರುವುದಿಲ್ಲ.

ಸರ್ವೇಯರ್ ಬರುವ ಮೊದಲು ಕಂಬವನ್ನು ಎಳೆಯಲು, ಕತ್ತರಿಸಲು ಬಿಡಬೇಡಿ. ಎರಡೂ ಬದಿಯ ಅಡ್ಡ ಅಳತೆಯನ್ನು ಟೇಪ್ ಸಮೇತ ಫೋಟೊ ತೆಗೆದಿಡಿ. "ರಿಪೇರಿ ಸಾಕು, ಹೊಸತು ಬೇಡ" ಎಂಬ ಮಾತು ಬಂದರೆ ಆ ಫೋಟೊವನ್ನೂ ಕಂಪನಿಯ ಮ್ಯಾನ್ಯುವಲ್ಲಿನಲ್ಲಿ ಆ ಭಾಗವನ್ನು ಬೋರಾನ್ ಎಂದು ಬಣ್ಣ ಹಾಕಿ ತೋರಿಸಿದ ಪುಟವನ್ನೂ ಒಟ್ಟಿಗೆ ಮುಂದಿಡಿ.